ಕೊರಲೆಗೆ ಯಾವ ಹ್ಯಾಶ್‌ಟ್ಯಾಗ್? ಮೊದಲು ಹೆಸರು ಸರಿ ಮಾಡಿಕೊಳ್ಳಿ

ಪ್ರಶ್ನೆ: ಸರ್, ನಾನು ಯೂಟ್ಯೂಬ್‌ನಲ್ಲಿ ಸಿರಿಧಾನ್ಯದ ಅಡುಗೆ ವಿಡಿಯೊ ಹಾಕ್ತೀನಿ. ಕೊರಲೆ ಬಿಸಿಬೇಳೆಬಾತ್‌ಗೆ 30 ಹ್ಯಾಶ್‌ಟ್ಯಾಗ್ ಹಾಕಿದ್ದೆ. ತೆಲುಗಿನವರೂ ನೋಡಲಿ ಅಂತ #korralu ಕೂಡ ಸೇರಿಸಿದೆ. ವ್ಯೂಸ್ ಬಂತು, ಆದರೆ ಯಾರೂ ಪೂರ್ತಿ ನೋಡ್ತಿಲ್ಲ. "ಇದು ಕೊರ್ರಲು ಅಲ್ಲ" ಅಂತ ಕಾಮೆಂಟ್ ಬೇರೆ. ಯಾವ ಹ್ಯಾಶ್‌ಟ್ಯಾಗ್ ಹಾಕಿದ್ರೆ ಸರಿ ಹೋಗುತ್ತೆ? — ಓದುಗರು, ಮಧುಗಿರಿ

ಕಾಮೆಂಟ್ ಹಾಕಿದವರು ಹೇಳಿದ್ದು ಸರಿ. ತೆಲುಗಿನವರ ಕೊರ್ರಲು ನಮ್ಮ ನವಣೆ. ನಮ್ಮ ಕೊರಲೆಗೆ ಅವರು ಅಂಡು ಕೊರ್ರಲು ಅನ್ನುತ್ತಾರೆ. ನವಣೆ ಹುಡುಕಿಕೊಂಡು ಬಂದವರಿಗೆ ನೀವು ಕೊರಲೆ ತೋರಿಸಿದಿರಿ, ಅವರು ಎದ್ದು ಹೋದರು. ಪಾವಗಡದ ಬಸ್ಸಿಗೆ ಹಿಂದೂಪುರದ ಬೋರ್ಡ್ ಹಾಕಿದರೆ ಜನ ಹತ್ತುತ್ತಾರೆ, ಮುಂದಿನ ಸ್ಟಾಪಿನಲ್ಲೇ ಇಳಿಯುತ್ತಾರೆ, ಅಲ್ವಾ? ಹೀಗೆ ಅರ್ಧಕ್ಕೇ ಇಳಿದು ಹೋಗುವವರು ಜಾಸ್ತಿಯಾದರೆ, ಯೂಟ್ಯೂಬ್ ಆ ವಿಡಿಯೊವನ್ನು ಹೊಸಬರ ಮುಂದೆ ಇಡುವುದನ್ನೇ ಕಡಿಮೆ ಮಾಡುತ್ತದೆ. ಅಂದರೆ ಆ ಒಂದು ಪದ ನಿಮಗೆ ಲಾಭ ತರಲಿಲ್ಲ ಅನ್ನುವುದಷ್ಟೇ ಅಲ್ಲ, ಇದ್ದದ್ದನ್ನೂ ಕೆಡಿಸಿರಬಹುದು.

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನಗೆ ಪದೇ ಪದೇ ಬರುತ್ತದೆ. ಎಲ್ಲರಿಗೂ ಬೇಕಾದದ್ದು ಒಂದು ಪಟ್ಟಿ. ಸಿರಿಧಾನ್ಯದಂಥ ಸಣ್ಣ ವಿಷಯದಲ್ಲಿ ಪಟ್ಟಿಯಿಂದ ಏನೂ ಆಗುವುದಿಲ್ಲ. ನೀವು ಕಾಳಿಗೆ ಯಾವ ಹೆಸರು ಬಳಸುತ್ತೀರಿ, ಆ ಹೆಸರಿಟ್ಟು ಯಾರು ಹುಡುಕುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಗಡಿ ದಾಟಿದರೆ ಈ ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ. ತಮಿಳಿನ ವರಗು ಕೇಳುವುದಕ್ಕೆ ನಮ್ಮ ಬರಗಿನ ಹಾಗೇ ಇದೆ. ಆದರೆ ಅದು ನಮ್ಮ ಹಾರಕ. ನಮ್ಮ ಬರಗು ಅವರಿಗೆ ಪನಿವರಗು. ಉತ್ತರದವರು ನವರಾತ್ರಿ ಉಪವಾಸಕ್ಕೆ ಬೇಯಿಸುವ ಸಾಮಾ ಅಕ್ಕಿ ನಮ್ಮ ಸಾಮೆಯಲ್ಲ, ಊದಲಿನ ಬಳಗದ್ದು. ನಮ್ಮ ಸಾಮೆಗೆ ಅವರು ಕುಟ್ಕಿ ಅನ್ನುತ್ತಾರೆ. ಹೊರಗಿನ ಭಾಷೆಯ ಹೆಸರು ಸೇರಿಸುವ ಮೊದಲು ಆ ಹೆಸರಿನಲ್ಲಿ ಹುಡುಕಿ, ಬರುವ ಮೊದಲ ಹತ್ತು ವಿಡಿಯೊಗಳಲ್ಲಿ ಕಾಣುವ ಕಾಳು ನಿಮ್ಮದೇ ಹೌದಾ ಅಂತ ನೋಡಿ. ಎರಡು ನಿಮಿಷದ ಕೆಲಸ. ಯಾಕೆ ಯಾರೂ ಮಾಡುವುದಿಲ್ಲವೋ ನನಗೆ ಗೊತ್ತಾಗುವುದಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಇನ್ನೊಂದು ತೊಡಕು. ಪೋಲಿಷ್ ಭಾಷೆಯಲ್ಲಿ korale ಅಂದರೆ ಮಣಿಸರ. ಇನ್‌ಸ್ಟಾಗ್ರಾಂನಲ್ಲಿ #korale ಒತ್ತಿದರೆ ಪೋಲೆಂಡಿನವರ ಕೊರಳ ಸರಗಳು ಎದುರಾಗುತ್ತವೆ, ಅದರ ನಡುವೆ ನಿಮ್ಮ ಬಿಸಿಬೇಳೆಬಾತ್. ಇಂಡೋನೇಷ್ಯಾದಲ್ಲಿ ragi ಅಂದರೆ ಬ್ರೆಡ್ಡಿಗೆ ಹಾಕುವ ಯೀಸ್ಟ್. ಸಿಖ್ಖರಲ್ಲಿ ಗುರುದ್ವಾರದಲ್ಲಿ ಕೀರ್ತನೆ ಹಾಡುವವರೂ ರಾಗಿಗಳೇ. ಸಾಮೆಯನ್ನು same ಅಂತ ಬರೆದವರಿಗೆ ನಾನು ಹೇಳುವುದಕ್ಕೆ ಏನೂ ಉಳಿದಿಲ್ಲ. ಅದಕ್ಕೇ ಇಂಗ್ಲಿಷ್ ಅಕ್ಷರದಲ್ಲಿ ಕಾಳಿನ ಹೆಸರನ್ನು ಒಂಟಿಯಾಗಿ ಬಿಡಬೇಡಿ. ಜೊತೆಗೆ ತಿಂಡಿಯ ಹೆಸರು ಸೇರಿಸಿ: #ragimudde, #koralerice, #saamedosa. ಕನ್ನಡ ಲಿಪಿಯ #ಕೊರಲೆಗೆ ಈ ಕಾಟ ಇಲ್ಲ.

ಈಗ ನಿಮ್ಮ ವಿಡಿಯೊವನ್ನೇ ಸರಿ ಮಾಡೋಣ. ಮೊದಲು ಮೊಬೈಲ್‌ನಲ್ಲಿ ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿ ತೆರೆದು, ಲಾಗಿನ್ ಆಗದೆ ಯೂಟ್ಯೂಬ್‌ಗೆ ಹೋಗಿ. ಲಾಗಿನ್ ಆಗಿದ್ದರೆ ನೀವು ಹಿಂದೆ ಹುಡುಕಿದ್ದನ್ನೇ ಅದು ನಿಮಗೆ ಬಡಿಸುತ್ತದೆ. ಹುಡುಕುವ ಜಾಗದಲ್ಲಿ "ಕೊರಲೆ" ಅಂತ ಬರೆದು ಒಂದು ಜಾಗ ಬಿಡಿ, ಎಂಟರ್ ಒತ್ತಬೇಡಿ. ಕೆಳಗೆ ಇಳಿಯುವ ಸಲಹೆಗಳು ಜನ ನಿಜವಾಗಿ ಟೈಪ್ ಮಾಡಿದ ಮಾತುಗಳಿಂದ ಬಂದವು. ಅವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ korale, korle, browntop millet ಅಂತ ಬರೆದು ಹಾಗೇ ನೋಡಿ. ಬಂದದ್ದು ಸಾಮಾನ್ಯವಾಗಿ ಮೂರು ಗುಂಪಾಗುತ್ತದೆ. ತಿಂಡಿಯ ಹೆಸರು (ಅನ್ನ, ದೋಸೆ, ಪೊಂಗಲ್), ಕಾಯಿಲೆಯ ಹೆಸರು, ಮತ್ತು ಅಡುಗೆಯ ಅನುಮಾನ. ಎಷ್ಟು ಹೊತ್ತು ನೆನೆಸಬೇಕು, ಒಂದು ಲೋಟಕ್ಕೆ ಎಷ್ಟು ನೀರು, ಕುಕ್ಕರಿನಲ್ಲಿ ಎಷ್ಟು ಕೂಗು ಇವೆಲ್ಲ ಮೂರನೆಯ ಗುಂಪು.

ನಿಮ್ಮಂಥ ಸಣ್ಣ ಚಾನೆಲ್‌ಗೆ ಜಾಗ ಇರುವುದು ಈ ಮೂರನೆಯ ಗುಂಪಿನಲ್ಲೇ. ಬರೀ "ಬಿಸಿಬೇಳೆಬಾತ್" ಅಂದರೆ ಲಕ್ಷಗಟ್ಟಲೆ ಸಬ್‌ಸ್ಕ್ರೈಬರ್ ಇರುವವರ ಹಿಂದೆ ಕ್ಯೂ ನಿಲ್ಲಬೇಕು. "ಕೊರಲೆ" ಅಂತಷ್ಟೇ ಹುಡುಕುವವರು ಕಡಿಮೆ. ಆದರೆ ಅಂಗಡಿಯಿಂದ ಅರ್ಧ ಕೆಜಿ ಕೊರಲೆ ತಂದು, ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡು ನೀರಿನ ಅಳತೆ ಹುಡುಕುವವಳು ನಿಮ್ಮ ವಿಡಿಯೊ ಸಿಕ್ಕರೆ ಕೊನೆಯವರೆಗೂ ನೋಡುತ್ತಾಳೆ. ಅವಳು ಟೈಪ್ ಮಾಡುವ ಮಾತು ನಿಮ್ಮ ವಿಡಿಯೊದ ಹೆಸರಿನಲ್ಲೋ ವಿವರಣೆಯಲ್ಲೋ ಇರಬೇಕು.

ವಿಡಿಯೊದ ಹೆಸರು ಹೀಗಿರಲಿ: "ಕೊರಲೆ ಬಿಸಿಬೇಳೆಬಾತ್, ನೀರಿನ ಅಳತೆ ಸಮೇತ | Korale Bisibele Bath". ಹೆಸರಿಗೆ 100 ಅಕ್ಷರದವರೆಗೆ ಜಾಗ ಇದೆ. ಆದರೆ ಫೋನಿನಲ್ಲಿ ಉದ್ದದ ಹೆಸರು ಕತ್ತರಿಸಿ ಹೋಗುತ್ತದೆ. ಕಾಳು, ತಿಂಡಿ ಎರಡೂ ಮೊದಲೇ ಬರಲಿ. "ಅದ್ಭುತ ರುಚಿ, ಒಮ್ಮೆ ಮಾಡಿ ನೋಡಿ" ಅನ್ನುವುದನ್ನು ಯಾರೂ ಹುಡುಕುವುದಿಲ್ಲ, ಅದನ್ನು ತೆಗೆಯಿರಿ.

ವಿವರಣೆಯ ಮೊದಲ ಎರಡು ಸಾಲು ಮಾತಾಡುವ ಹಾಗೆ ಬರೆಯಿರಿ: "ಕೊರಲೆ ಅಕ್ಕಿಯಲ್ಲಿ ಬಿಸಿಬೇಳೆಬಾತ್ ಮಾಡುವುದು ಹೇಗೆ, ಎಷ್ಟು ಹೊತ್ತು ನೆನೆಸಬೇಕು, ಎಷ್ಟು ನೀರು ಹಾಕಬೇಕು ಅಂತ ತೋರಿಸಿದ್ದೇನೆ. ಇಂಗ್ಲಿಷಿನಲ್ಲಿ ಇದು browntop millet, ತೆಲುಗಿನಲ್ಲಿ ಅಂಡು ಕೊರ್ರಲು, andu korralu." ತೆಲುಗಿನವರನ್ನು ಕರೆಯುವ ಸರಿಯಾದ ಜಾಗ ಇದು, ಸರಿಯಾದ ಹೆಸರೂ ಇದೇ. ಹಾಗಂತ ಕನ್ನಡ ಮಾತಿನ ವಿಡಿಯೊವನ್ನು ಅವರು ಹಿಂಡಾಗಿ ಬಂದು ನೋಡುತ್ತಾರೆ ಅಂದುಕೊಳ್ಳಬೇಡಿ. ಗಡಿ ಊರಿನವರು ಬಂದರೂ ಬಂದಾರು.

ಅಪ್‌ಲೋಡ್ ಮಾಡುವಾಗ ಟ್ಯಾಗ್ಸ್ ಅಂತ ಬೇರೆ ಒಂದು ಜಾಗ ಇರುತ್ತದಲ್ಲ, ಅದು ಹ್ಯಾಶ್‌ಟ್ಯಾಗ್ ಅಲ್ಲ. ಜನ ತಪ್ಪಾಗಿ ಬರೆಯುವ ಪದಗಳಿಗೆ ಅದು ಉಪಯೋಗ, ಉಳಿದಂತೆ ಅದರ ಪಾತ್ರ ತೀರಾ ಕಡಿಮೆ ಅಂತ ಯೂಟ್ಯೂಬೇ ಹೇಳಿದೆ. korle, koralu, brown top millet ಥರದ ಕಾಗುಣಿತಗಳನ್ನು ಅಲ್ಲಿ ಸುರಿದು ಮುಂದೆ ಹೋಗಿ. ವಿವರಣೆಯಲ್ಲಿ ಮಾತ್ರ ಪದಗಳ ರಾಶಿ ಹಾಕಬೇಡಿ, ಅದು ಅವರ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ.

ಕೊನೆಗೆ ಹ್ಯಾಶ್‌ಟ್ಯಾಗ್. ಮೂರು ಸಾಕು: #ಕೊರಲೆ #browntopmillet #siridhanya. ವಿವರಣೆಯಲ್ಲಿ ಎಷ್ಟೇ ಹಾಕಿದರೂ ವಿಡಿಯೊದ ಹೆಸರಿನ ಹತ್ತಿರ ಕಾಣುವುದು ಮೂರೇ. 60 ದಾಟಿದರೆ ಯೂಟ್ಯೂಬ್ ಅಷ್ಟನ್ನೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲನೆಯದು ಕಾಳಿನ ಹೆಸರು, ಎರಡನೆಯದು ಹೊರಗಿನವರಿಗೆ, ಮೂರನೆಯದು ದೊಡ್ಡ ಗುಂಪಿನದು. #food, #viral, #trending ಹಾಕಿದರೆ ಆ ರಾಶಿಯಲ್ಲಿ ನಿಮ್ಮ ವಿಡಿಯೊ ಕಣ್ಣಿಗೆ ಬೀಳುವುದೇ ಇಲ್ಲ.

ಇಷ್ಟು ಮಾಡಿ 28 ದಿನ ಸುಮ್ನೆ ಬಿಡಿ. ದಿನಾ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಆಮೇಲೆ ಯೂಟ್ಯೂಬ್ ಸ್ಟುಡಿಯೊದ ಅನಾಲಿಟಿಕ್ಸ್‌ನಲ್ಲಿ ಜನ ಎಲ್ಲಿಂದ ಬಂದರು ಅನ್ನುವ ಕಡೆ YouTube search ಒತ್ತಿ. ಯಾವ ಪದ ಬರೆದು ಬಂದರು ಅನ್ನುವುದು ಅಲ್ಲಿ ಸಿಗುತ್ತದೆ. ಪ್ರತಿ ಪದದ ಮುಂದೆ ಸರಾಸರಿ ಎಷ್ಟು ಹೊತ್ತು ನೋಡಿದರು ಅನ್ನುವುದನ್ನೂ ನೋಡಿ. ಬಂದವರು ಜಾಸ್ತಿ, ನಿಂತವರು ಕಡಿಮೆ ಅನ್ನುವ ಪದವನ್ನು ಕಿತ್ತುಹಾಕಿ. ನಿಮ್ಮ korralu ಅಲ್ಲಿ ಹೀಗೇ ಸಿಕ್ಕಿಬೀಳಬಹುದು. ನಾಲ್ಕೇ ಜನ ಬಂದರೂ ಪೂರ್ತಿ ನೋಡಿದ್ದರೆ, ಆ ಪದಕ್ಕೆ ಬೇರೆಯದೇ ವಿಡಿಯೊ ಮಾಡಿ. "ಕೊರಲೆ ನೆನೆಸುವುದು ಹೇಗೆ" ಅಂತ ಹುಡುಕಿ ಬಂದಿದ್ದಾರಾ? ಅದನ್ನೇ ಎರಡು ನಿಮಿಷದಲ್ಲಿ ತೋರಿಸಿ.

ಗೂಗಲ್ ಟ್ರೆಂಡ್ಸ್‌ನಲ್ಲಿ "ಕೊರಲೆ" ಹಾಕಿದಾಗ ಸಾಕಷ್ಟು ಮಾಹಿತಿ ಇಲ್ಲ ಅಂತ ಬಂದರೆ ಹೆದರಬೇಡಿ. ಯಾರೂ ಹುಡುಕುವುದಿಲ್ಲ ಅಂತ ಅದರ ಅರ್ಥವಲ್ಲ, ಗ್ರಾಫ್ ಬಿಡಿಸುವಷ್ಟು ಹುಡುಕಾಟ ಇಲ್ಲ ಅಂತ ಅಷ್ಟೇ. ಹಾಗೆಯೇ ಪದಕ್ಕೆ ಅಂಕ ಕೊಡುವ ಹೊರಗಿನ ಆ್ಯಪ್‌ಗಳು ಕನ್ನಡದ ಸಣ್ಣ ಪದಗಳ ವಿಷಯದಲ್ಲಿ ಊಹೆ ಮಾಡುತ್ತವೆ. ನಾನಂತೂ ಅವನ್ನು ನೋಡುವುದೇ ಇಲ್ಲ.

ಪ್ರಶ್ನೆ: ಕನ್ನಡದಲ್ಲಿ ಹ್ಯಾಶ್‌ಟ್ಯಾಗ್ ಹಾಕಿದ್ರೆ ಕೆಲಸ ಮಾಡುತ್ತಾ? #ರಾಗಿ ಮುದ್ದೆ ಅಂತ ಹಾಕಿದೆ, ಅರ್ಧ ಮಾತ್ರ ನೀಲಿ ಆಯ್ತು.

ಕೆಲಸ ಮಾಡುತ್ತದೆ. ಮಧ್ಯೆ ಜಾಗ ಬಿಟ್ಟಿರಿ, #ರಾಗಿ ಮಾತ್ರ ಉಳಿಯಿತು. ನಡುವೆ ಹೈಫನ್ ಹಾಕಿದರೂ ಹೀಗೇ ಆಗುತ್ತದೆ. #ರಾಗಿಮುದ್ದೆ ಅಂತ ಕೂಡಿಸಿ ಬರೆಯಿರಿ.

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಹ್ಯಾಶ್‌ಟ್ಯಾಗ್‌ಗಳನ್ನ ಮೊದಲ ಕಾಮೆಂಟ್‌ನಲ್ಲಿ ಬಚ್ಚಿಟ್ರೆ ರೀಚ್ ಜಾಸ್ತಿ ಅಂತಾರೆ, ಹೌದಾ?

ಇಲ್ಲ. ಹುಡುಕಿದಾಗ ಸಿಗಬೇಕಾದರೆ ಪದಗಳನ್ನು ಕ್ಯಾಪ್ಶನ್‌ನಲ್ಲೇ ಹಾಕಿ ಅಂತ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. 3ರಿಂದ 5 ಹ್ಯಾಶ್‌ಟ್ಯಾಗ್ ಸಾಕು ಅಂತ ಹೇಳಿದ್ದೂ ಅದೇ ವರ್ಷ.

ಪ್ರಶ್ನೆ: 499 ರೂಪಾಯಿಗೆ ಸಿರಿಧಾನ್ಯದ ವೈರಲ್ ಹ್ಯಾಶ್‌ಟ್ಯಾಗ್ ಪಿಡಿಎಫ್ ಕೊಡ್ತಾರಂತೆ, ತಗೊಳ್ಳಲಾ?

ಬೇಡ. ಆ ದುಡ್ಡಿಗೆ ಕೊರಲೆ ತನ್ನಿ.

ಪ್ರಶ್ನೆ: #IYM2023 ಈಗಲೂ ಹಾಕಬಹುದಾ?

ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ 2023ಕ್ಕೇ ಮುಗಿಯಿತು. ತೆಗೆಯಿರಿ.

ಪ್ರಶ್ನೆ: ನಾನು ಸಿರಿಧಾನ್ಯದ ಮಾಲ್ಟ್ ಪುಡಿ ಮಾರ್ತೀನಿ. #diabetescure, "ಶುಗರ್ ಮಾಯ" ಅಂತ ಹಾಕಿದಾಗ ಮಾತ್ರ ಜನ ನೋಡ್ತಾರೆ. ಏನು ತಪ್ಪು?

ತಪ್ಪು ದೊಡ್ಡದೇ ಇದೆ. ಜನ ಕಾಯಿಲೆಯ ಹೆಸರಿಟ್ಟು ಹುಡುಕುತ್ತಾರೆ, ನಿಜ. ಆ ಪದಕ್ಕೆ ವ್ಯೂಸ್ ಬರುತ್ತದೆ ಅನ್ನುವುದೂ ನಿಜ. ಆದರೆ ಇಂಥ ಮಾತು ನಂಬಿ ಮಾತ್ರೆ ಬಿಟ್ಟವರು ಆಸ್ಪತ್ರೆ ಸೇರುತ್ತಾರೆ. ಸಿರಿಧಾನ್ಯದಲ್ಲೂ ಪಿಷ್ಟ ಇದೆ. ಅದರಲ್ಲೂ ನುಣ್ಣಗೆ ಪುಡಿ ಮಾಡಿ ಬೆಲ್ಲ ಹಾಕಿ ಕುಡಿಯುವ ಮಾಲ್ಟ್ ಸಕ್ಕರೆ ಏರಿಸುತ್ತದೆ. ಇಂತಿಂಥ ಕಾಯಿಲೆ ವಾಸಿ ಮಾಡುತ್ತದೆ ಅಂತ ಔಷಧಿಯ ಜಾಹೀರಾತು ಮಾಡುವುದನ್ನು ತಡೆಯುವ ಕಾನೂನು 1954ರಿಂದ ಇದೆ, ಆ ಕಾಯಿಲೆಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಪುಡಿಗೆ ಔಷಧಿಯ ಬಣ್ಣ ಬಳಿದು ಮಾರುವವರು ಇದನ್ನು ತಿಳಿದಿರಬೇಕು. "ಸಕ್ಕರೆ ಹಾಕದ ನವಣೆ ಮಾಲ್ಟ್" ಅಂತ ಬರೆಯಿರಿ, ಅದೂ ನಿಜವಾಗಿ ಹಾಕದಿದ್ದರೆ ಮಾತ್ರ. ಬೆಲ್ಲ ಹಾಕಿದ್ದರೆ ಬೆಲ್ಲ ಅಂತಲೇ ಬರೆಯಿರಿ. ಹುಡುಕುವವರಲ್ಲಿ "ಬೆಲ್ಲದ ರಾಗಿ ಮಾಲ್ಟ್" ಬೇಕು ಅನ್ನುವ ತಾಯಂದಿರೂ ಇರುತ್ತಾರೆ.