ಬಜಾರಿನಲ್ಲಿ ಡಿಸ್ಕೌಂಟ್, ಬ್ಯಾಂಕಿನಲ್ಲಿ ದುಬಾರಿ ಲೀಸ್: 2025ರ ಫೆಬ್ರವರಿಯ ಲೆಕ್ಕ

ಪ್ರಶ್ನೆ: ಮುಂಬೈಯ ಝವೇರಿ ಬಜಾರಿನಲ್ಲಿ ನಮ್ಮ ಮಾವನವರದು ಆಭರಣದ ಹೋಲ್‌ಸೇಲ್. ಬ್ಯಾಂಕಿನಿಂದ ಗೋಲ್ಡ್ ಮೆಟಲ್ ಲೋನ್, ಅಂದ್ರೆ ಚಿನ್ನವನ್ನೇ ಸಾಲವಾಗಿ ತಗೊಂಡು ಕೆಲಸ ಮಾಡ್ತಾರೆ. 2025ರ ಫೆಬ್ರವರಿಯಲ್ಲಿ ಬ್ಯಾಂಕಿನವರು "ಲೀಸ್ ರೇಟ್ ಏರಿದೆ, ಲಂಡನ್ನಿನಲ್ಲಿ ಮಾಲು ಟೈಟ್" ಅಂತ ಬಡ್ಡಿ ಏರಿಸಿದ್ರು. ಆದ್ರೆ ಅದೇ ವಾರ ಬಜಾರಿನಲ್ಲಿ ಚಿನ್ನ ಡಿಸ್ಕೌಂಟಿಗೆ ಸಿಗ್ತಿತ್ತು. ಮಾಲಿಗೆ ಕೊರತೆ ಇದ್ರೆ ಡಿಸ್ಕೌಂಟ್ ಹೇಗೆ? ಬ್ಯಾಂಕಿನವರು ಹೇಳಿದ್ದು ನಿಜಾನಾ?

ಉತ್ತರ:

ನಿಜವೇ. ಡಿಸ್ಕೌಂಟ್ ಅನ್ನೋದು ಚಿನ್ನವನ್ನು ಕೊಳ್ಳುವ ಬೆಲೆಗೆ ಸೇರಿದ್ದು, ಲೀಸ್ ರೇಟ್ ಅನ್ನೋದು ಚಿನ್ನದ ಬಾಡಿಗೆ. ಮೊದಲನೆಯದು ಝವೇರಿ ಬಜಾರಿನಲ್ಲೇ ತೀರ್ಮಾನವಾಗುತ್ತದೆ. ಎರಡನೆಯದು ಲಂಡನ್ನಿನಲ್ಲಿ. ನಿಮ್ಮ ಮಾವನವರಿಗೆ ಕೊಡುವ ಚಿನ್ನವನ್ನು ಬ್ಯಾಂಕು ಚಿನ್ನ ಬೆಳ್ಳಿಯ ವ್ಯವಹಾರ ಮಾಡುವ ಹೊರದೇಶದ ಬುಲಿಯನ್ ಬ್ಯಾಂಕಿನಿಂದ ತಂದಿರುತ್ತದೆ. ಅಲ್ಲಿನ ಬಾಡಿಗೆಯ ಮೇಲೆ ತನ್ನ ಮಾರ್ಜಿನ್ ಹಾಕಿ ಇವರಿಗೆ ದಾಟಿಸುತ್ತದೆ, ಅಷ್ಟೇ.

ಈ ಬಾಡಿಗೆ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಲಂಡನ್ನಿನಲ್ಲಿ ಒಬ್ಬರ ಹತ್ತಿರ ಚಿನ್ನ ಇದೆ, ಒಂದು ತಿಂಗಳಿಗೆ ಡಾಲರ್ ಬೇಕು ಅಂದುಕೊಳ್ಳಿ. ಅವರು ಇವತ್ತು ಚಿನ್ನ ಮಾರಿ, ಒಂದು ತಿಂಗಳ ನಂತರ ವಾಪಸ್ ಕೊಳ್ಳುವ ಕರಾರನ್ನೂ ಇವತ್ತೇ ಮಾಡಿಕೊಳ್ಳುತ್ತಾರೆ. ಇದು ಸ್ವಾಪ್. ವಾಪಸ್ ಕೊಳ್ಳುವ ಬೆಲೆ ಫಾರ್ವರ್ಡ್. ಎರಡು ಬೆಲೆಗಳ ನಡುವಿನ ಅಂತರವನ್ನು ವರ್ಷದ ಶೇಕಡಾಕ್ಕೆ ತಂದರೆ ಫಾರ್ವರ್ಡ್ ರೇಟ್. ಡಾಲರ್ ಬಡ್ಡಿಯಿಂದ ಅದನ್ನು ಕಳೆದರೆ ಉಳಿಯುವುದೇ ಲೀಸ್ ರೇಟ್.

```
L = R - (F/S - 1) * 360/d
```

S ಸ್ಪಾಟ್ ಅಂದರೆ ಇವತ್ತಿನ ಬೆಲೆ, F ಫಾರ್ವರ್ಡ್, d ದಿನಗಳು, R ಅಷ್ಟೇ ಅವಧಿಯ ಡಾಲರ್ ಬಡ್ಡಿ. ಹಿಂದೆ R ಅಂದರೆ ಬ್ಯಾಂಕುಗಳು ಒಂದಕ್ಕೊಂದು ಸಾಲ ಕೊಡುವ ದರವಾದ ಲೈಬರ್, ಈಗ ಅದರ ಜಾಗಕ್ಕೆ ಬಂದ ಸೋಫರ್. ವರ್ಷಕ್ಕೆ 365 ಅಲ್ಲ, 360 ದಿನದ ಲೆಕ್ಕ. ಗೋಫೋ ಎಂಬ ಹೆಸರಿನಲ್ಲಿ ಈ ಫಾರ್ವರ್ಡ್ ರೇಟನ್ನು ಲಂಡನ್ ಬುಲಿಯನ್ ಮಾರ್ಕೆಟ್ ಅಸೋಸಿಯೇಷನ್ ದಿನಾ ಪ್ರಕಟಿಸುತ್ತಿತ್ತು. 2015ರ ಜನವರಿ ಕೊನೆಗೆ ಅದು ನಿಂತಿತು. ಆಮೇಲೆ ಎಲ್ಲರೂ ಕಾಣುವ ರೇಟ್ ಎಂಬುದು ಇಲ್ಲ, ಡೀಲರುಗಳ ಕೋಟ್‌ನಿಂದ ಲೆಕ್ಕ ಹಾಕಿಕೊಳ್ಳಬೇಕು.

ಆ ದಿನಗಳಿಗೆ ಹತ್ತಿರವಾದ ದುಂಡು ಸಂಖ್ಯೆ ಇಟ್ಟುಕೊಳ್ಳೋಣ: ಸ್ಪಾಟ್ ಔನ್ಸಿಗೆ 2,800 ಡಾಲರ್, ಡಾಲರ್ ಬಡ್ಡಿ 4.3%. ಮಾಮೂಲಿ ದಿನದಲ್ಲಿ ಒಂದು ತಿಂಗಳ ಫಾರ್ವರ್ಡ್ ಸುಮಾರು 2,809.57 ಇರುತ್ತದೆ. ಅಂತರ ವರ್ಷಕ್ಕೆ 4.1%. ಬಾಡಿಗೆ ಉಳಿದದ್ದು 0.2%. ಚಿನ್ನ ಕೊಡಲು ಸಿದ್ಧರಿರುವವರು ಬೇಕಾದಷ್ಟು ಇರುವಾಗ ಹೀಗೇ, ಪುಡಿಗಾಸು.

ಈಗ ಪರಿಸ್ಥಿತಿ ತಿರುಗಿತು ಅನ್ನಿ. ಚಿನ್ನ ಇವತ್ತೇ ಬೇಕಾದವರು ಹೆಚ್ಚಾದರು, ಕೊಡುವವರು ಕಡಿಮೆಯಾದರು. ಬೇಕಾದವರು ಹೇಳುತ್ತಾರೆ: "ಇವತ್ತು 2,800ಕ್ಕೆ ಕೊಡಿ, ತಿಂಗಳಾದ ಮೇಲೆ 2,798.37ಕ್ಕೇ ವಾಪಸ್ ಕೊಡ್ತೀನಿ." ಫಾರ್ವರ್ಡ್ ಸ್ಪಾಟಿಗಿಂತ ಕೆಳಗೆ ಬಂತು. ಚಿನ್ನ ಕೊಟ್ಟವರಿಗೆ ಔನ್ಸಿಗೆ 1.63 ಡಾಲರ್ ಅಲ್ಲೇ ಉಳಿಯಿತು. ಕೈಗೆ ಬಂದ 2,800 ಡಾಲರಿಗೆ ತಿಂಗಳ ಬಡ್ಡಿ 10 ಡಾಲರ್ ಸಿಕ್ಕಿತು. ಒಟ್ಟು ಹತ್ತಿರ ಹತ್ತಿರ 11.67, ಅಂದರೆ ವರ್ಷಕ್ಕೆ 5%. 2025ರ ಆರಂಭದಲ್ಲಿ ಒಂದು ತಿಂಗಳ ಲೀಸ್ ರೇಟ್ ಹೋಗಿ ಮುಟ್ಟಿದ್ದು ಸುಮಾರು ಇಲ್ಲಿಗೇ. ಸ್ಪಾಟ್ ಬೆಲೆ ಮಾತ್ರ ನೋಡುವವರಿಗೆ ಈ ಬದಲಾವಣೆ ಕಣ್ಣಿಗೇ ಬೀಳುವುದಿಲ್ಲ. ಅದು ಇರುವುದು ಇವತ್ತಿನ ಬೆಲೆಗೂ ಮುಂದಿನ ತಿಂಗಳ ಬೆಲೆಗೂ ನಡುವಿನ ಹತ್ತು ಹನ್ನೊಂದು ಡಾಲರಿನಲ್ಲಿ.

ಅಷ್ಟು ಬಾಡಿಗೆ ಕೊಟ್ಟದ್ದೇಕೆ? ಅಮೆರಿಕ ಚಿನ್ನದ ಮೇಲೂ ಆಮದು ಸುಂಕ ಹಾಕಬಹುದೆಂಬ ಭಯದಿಂದ ನ್ಯೂಯಾರ್ಕಿನ ಕಾಮೆಕ್ಸ್ ಎಕ್ಸ್‌ಚೇಂಜಿನ ಫ್ಯೂಚರ್ಸ್, ಅಂದರೆ ಮುಂದಿನ ದಿನಕ್ಕೆ ಮಾಡಿಕೊಳ್ಳುವ ಕರಾರಿನ ಬೆಲೆ, ಲಂಡನ್ ಬೆಲೆಗಿಂತ ಬಹಳ ಮೇಲೆ ಹೋಯಿತು. ಬುಲಿಯನ್ ಬ್ಯಾಂಕುಗಳ ರೂಢಿಯೆಂದರೆ ಚಿನ್ನ ಲಂಡನ್ನಿನಲ್ಲಿ ಇಟ್ಟುಕೊಂಡು, ಬೆಲೆ ಇಳಿದರೆ ಪೆಟ್ಟು ಬೀಳದಂತೆ ಕಾಮೆಕ್ಸಿನಲ್ಲಿ ಮಾರಿಟ್ಟಿರುವುದು. ಅಂತರ ಹಿಗ್ಗಿದಾಗ ಅವರಿಗೆ ಮಾರಿದ ಕಡೆ ನಷ್ಟ. ಆ ನಷ್ಟ ತಿನ್ನದೆ ಬಿಡಿಸಿಕೊಳ್ಳುವ ದಾರಿ: ಚಿನ್ನವನ್ನು ವಿಮಾನಕ್ಕೆ ಹಾಕಿ ನ್ಯೂಯಾರ್ಕಿನಲ್ಲಿ ಡೆಲಿವರಿ ಕೊಡುವುದು.

ತೊಡಕು ಬಂದದ್ದು ಇಲ್ಲಿ. ಲಂಡನ್ನಿನ ಗಟ್ಟಿ ಸುಮಾರು 400 ಔನ್ಸಿನದು, ಅಂದರೆ ಹನ್ನೆರಡೂವರೆ ಕಿಲೋ. ಕಾಮೆಕ್ಸಿನ ಮುಖ್ಯ ಕರಾರಿಗೆ 100 ಔನ್ಸಿನ ಗಟ್ಟಿ ಅಥವಾ ಕಿಲೋ ಗಟ್ಟಿ ಬೇಕು. ಹಾಗಾಗಿ ಮಾಲು ಸ್ವಿಟ್ಜರ್ಲೆಂಡಿನ ರಿಫೈನರಿಗೆ ಹೋಗಿ ಕರಗಿ, ಬೇರೆ ಅಚ್ಚಿನಲ್ಲಿ ಹೊರಬರಬೇಕು. ಅದಕ್ಕಿಂತ ಮೊದಲು ಬ್ಯಾಂಕ್ ಆಫ್ ಇಂಗ್ಲೆಂಡಿನ ನೆಲಮಾಳಿಗೆಯಿಂದ ಹೊರಗೆ ಬರಬೇಕು. ಕೆಲವೇ ದಿನಗಳಲ್ಲಿ ಆಗುತ್ತಿದ್ದ ಆ ಕೆಲಸಕ್ಕೆ ವಾರಗಟ್ಟಲೆ ಸರದಿ ಹತ್ತಿತು. ಆ ಸರದಿಯಲ್ಲಿ ಸಿಕ್ಕಿಕೊಂಡ ಚಿನ್ನ, ಅದೇ ಲಂಡನ್ನಿನಲ್ಲಿ ಬೇರೆ ತಿಜೋರಿಯಲ್ಲಿ ತಕ್ಷಣ ಕೈಗೆ ಸಿಗುವ ಚಿನ್ನಕ್ಕಿಂತ ಅಗ್ಗವಾಗಿ ಬಿಕರಿಯಾಯಿತು. ಬ್ಯಾಂಕಿನ ಡೆಪ್ಯುಟಿ ಗವರ್ನರ್ ಡೇವ್ ರ‍್ಯಾಮ್ಸ್‌ಡೆನ್ ಅವರೇ ಇದನ್ನು ಒಪ್ಪಿಕೊಂಡರು. ಒಂದೇ ಊರು, ಒಂದೇ ಶುದ್ಧತೆ, ಆದರೂ ಎರಡು ಬೆಲೆ. ತಿಂಗಳಾದ ಮೇಲೆ ನನ್ನ ಚಿನ್ನ ಬರುತ್ತದೆ, ಬೇಕಾಗಿರುವುದು ಇವತ್ತು ಅನ್ನುವವರು ಔನ್ಸಿಗೆ ತಿಂಗಳಿಗೆ ಸುಮಾರು 12 ಡಾಲರ್ ಕೊಟ್ಟು ಇನ್ನೊಬ್ಬರ ಗಟ್ಟಿಯನ್ನು ಬಾಡಿಗೆಗೆ ತರುತ್ತಾರೆ. ನ್ಯೂಯಾರ್ಕಿನ ಅಂತರ ಅದಕ್ಕಿಂತ ದೊಡ್ಡದಾಗಿರುವವರೆಗೆ ಆ ಬಾಡಿಗೆ ಅವರಿಗೆ ಗಿಟ್ಟುತ್ತದೆ.

"ಲಂಡನ್ನಿನಲ್ಲಿ 8,000 ಟನ್ನಿಗೂ ಮೇಲೆ ಚಿನ್ನ ಇದೆಯಲ್ಲ" ಎಂದು ಕೇಳಬಹುದು. ಇದೆ, 2025ರ ಜನವರಿಯಲ್ಲಿ ಅಲ್ಲಿಂದ ಹೊರಟದ್ದು ಸುಮಾರು 150 ಟನ್ ಮಾತ್ರ. ಆದರೆ ಆ ರಾಶಿಯ ಬಹುಪಾಲು ಕೇಂದ್ರ ಬ್ಯಾಂಕುಗಳದು ಮತ್ತು ಇಟಿಎಫ್ ಎಂಬ ಹೂಡಿಕೆ ಫಂಡುಗಳದು, ಹೆಸರು ಬರೆದಿಟ್ಟ ಗಟ್ಟಿಗಳು. ಮಾಲೀಕರು ಒಪ್ಪದೆ ಅವು ಬಾಡಿಗೆಗೆ ಬರುವುದಿಲ್ಲ. ಲೀಸ್ ರೇಟ್ ಅಳೆಯುವುದು ಆ ದೊಡ್ಡ ರಾಶಿಯನ್ನಲ್ಲ, ಇವತ್ತು ಬಿಟ್ಟುಕೊಡಲು ತಯಾರಿರುವ ತೆಳ್ಳಗಿನ ಪದರವನ್ನು.

ಇನ್ನು ನಿಮ್ಮ ಡಿಸ್ಕೌಂಟ್. ಬಜಾರಿನಲ್ಲಿ ಡಿಸ್ಕೌಂಟ್ ಎಂದರೆ ಲಂಡನ್ ಬೆಲೆಯನ್ನು ರೂಪಾಯಿಗೆ ತಿರುಗಿಸಿ, ಆಗಿದ್ದ 6% ಆಮದು ಸುಂಕ ಸೇರಿಸಿದ ಬೆಲೆಗಿಂತ ಕಡಿಮೆಗೆ ಮಾರುವುದು. ಆಗ ಚಿನ್ನ ದಾಖಲೆ ಬೆಲೆಯಲ್ಲಿತ್ತು, ಗಿರಾಕಿ ಹಿಂದೆ ಸರಿದಿದ್ದರು, ಹಳೆ ಚಿನ್ನ ವಾಪಸ್ ಬರುತ್ತಿತ್ತು. ಹಾಗಾದರೆ ಇಲ್ಲಿನ ಹೆಚ್ಚುವರಿ ಮಾಲು ಲಂಡನ್ನಿಗೆ ಹೋಗಬಾರದೇ? ಹೋಗಲು ದಾರಿ ಇಲ್ಲ. ಸುಂಕ ಕಟ್ಟಿ ಒಳಗೆ ಬಂದ 24 ಕ್ಯಾರೆಟ್ ಗಟ್ಟಿಯನ್ನು ಮಾಮೂಲಿ ವ್ಯಾಪಾರಿ ರಫ್ತು ಮಾಡುವಂತಿಲ್ಲ. 2017ರಿಂದ 22 ಕ್ಯಾರೆಟ್ಟಿಗಿಂತ ಶುದ್ಧವಾದುದಕ್ಕೆ ಆ ಬಾಗಿಲು ಮುಚ್ಚಿದೆ. ನಮ್ಮ ಬಜಾರು ಒಳಗೆ ಮಾತ್ರ ಹರಿಯುವ ಕಾಲುವೆ. ಇಲ್ಲಿ ತುಂಬಿ ನಿಂತರೂ ಅಲ್ಲಿನ ಬರ ನೀಗುವುದಿಲ್ಲ.

ಹೋಲಿಕೆಗೆ 2025ರ ಅಕ್ಟೋಬರಿನ ಬೆಳ್ಳಿ ನೋಡಿ. ಲಂಡನ್ನಿನಲ್ಲಿ ಒಂದು ತಿಂಗಳ ಬೆಳ್ಳಿ ಲೀಸ್ 30% ದಾಟಿತು. ಆಗ ಝವೇರಿ ಬಜಾರಿನಲ್ಲೂ ಧನತೇರಸ್ ಬೇಡಿಕೆಗೆ ಬೆಳ್ಳಿ ಪ್ರೀಮಿಯಂ ಏರಿತ್ತು. ಲೀಸೂ ಪ್ರೀಮಿಯಮ್ಮೂ ಒಟ್ಟಿಗೆ ಏರಿದರೆ ಕೊಳ್ಳುವವರೇ ಮಾಲು ಎಳೆಯುತ್ತಿದ್ದಾರೆ ಎಂದರ್ಥ. ಲೀಸ್ ಏರಿ ಇಲ್ಲಿ ಡಿಸ್ಕೌಂಟ್ ಇದ್ದರೆ ಮಾಲು ಎಲ್ಲೋ ದಾರಿಯಲ್ಲಿ ಸಿಕ್ಕಿಕೊಂಡಿದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ, ಮಾವನವರು ಅದನ್ನು ಅಂಗಡಿಯಲ್ಲೇ ಕೂತು ಮಾಡಬಹುದು.

ನೀವೇ ಲೆಕ್ಕ ಹಾಕಲು ಹೊರಟರೆ ಒಂದು ಗುಂಡಿ ಇದೆ. ಲಂಡನ್ ಫಾರ್ವರ್ಡ್ ಸುಲಭಕ್ಕೆ ಸಿಗದು, ಹಾಗಾಗಿ ಜನ F ಜಾಗದಲ್ಲಿ ಕಾಮೆಕ್ಸ್ ಬೆಲೆ ಹಾಕುತ್ತಾರೆ. 60 ದಿನದ ಕಾಮೆಕ್ಸ್ 2,840 ಇದ್ದರೆ ಸೂತ್ರ ಕೊಡುವ ಲೀಸ್ ರೇಟ್ ಮೈನಸ್ 4.3%ದ ಹತ್ತಿರ. ಬಾಡಿಗೆ 5% ಇರುವ ದಿನ "ಚಿನ್ನ ಧಾರಾಳವಾಗಿದೆ" ಎಂಬ ಉತ್ತರ! ಆ 40 ಡಾಲರಿನಲ್ಲಿ ಮಾಮೂಲಿ ಫಾರ್ವರ್ಡ್ ಅಂತರ 19, ಉಳಿದ 21 ಸುಂಕದ ಭಯ. S ಮತ್ತು F ಎರಡೂ ಒಂದೇ ಊರಿನವಾಗಿರಬೇಕು. ಹಳೆಯ ಅಂಕಿ ನೋಡುವಾಗಲೂ ಎಚ್ಚರ: 2008ರಲ್ಲಿ ಲೈಬರ್ ಜಿಗಿದದ್ದು ಬ್ಯಾಂಕುಗಳು ಒಂದನ್ನೊಂದು ನಂಬದೆ, ಹಾಗಾಗಿ ಲೈಬರಿನಿಂದ ಕಳೆದು ತೆಗೆದ ಲೀಸ್ ರೇಟ್ ಕೂಡ ಊದಿಕೊಂಡಿತ್ತು. ಅದರಲ್ಲಿ ಎಷ್ಟು ಚಿನ್ನದ ಕೊರತೆ, ಎಷ್ಟು ಡಾಲರಿನ ಕೊರತೆ ಎಂದು ಬಿಡಿಸುವುದು ಕಷ್ಟ.

ಮಾವನವರ ಖಾತೆಗೆ ಬಂದರೆ, ಒಂದು ಕಿಲೋಗೆ 80 ಲಕ್ಷ ರೂಪಾಯಿ ಹಿಡಿಯೋಣ. ಲೀಸ್ 0.3%, ಬ್ಯಾಂಕಿನ ಮಾರ್ಜಿನ್ 2.5% ಇದ್ದರೆ 90 ದಿನಕ್ಕೆ 56,000 ರೂಪಾಯಿ. ಲೀಸ್ 5% ಆದರೆ 1,50,000. ಗ್ರಾಮಿಗೆ 94 ರೂಪಾಯಿ ಹೆಚ್ಚು, ಹೋಲ್‌ಸೇಲ್ ಮಜೂರಿಯಲ್ಲಿ ಇದು ಸಣ್ಣ ಮಾತಲ್ಲ.

ಆದರೆ 90 ದಿನಕ್ಕೂ 5% ಹಾಕಿದ್ದಾರೆಯೇ ಎಂದು ಕೇಳಿ ನೋಡಬೇಕು. ಸರದಿಯಂಥ ತೊಡಕಿನಿಂದ ಹುಟ್ಟಿದ ಬಿಗಿಯಲ್ಲಿ ಒಂದು ತಿಂಗಳ ರೇಟ್ ನೆಟ್ಟಗೆ ನಿಲ್ಲುತ್ತದೆ, ಆರು ತಿಂಗಳದ್ದು, ವರ್ಷದ್ದು ಅದಕ್ಕಿಂತ ಬಹಳ ಕೆಳಗೆ ಇರುತ್ತದೆ. ಮಾರುಕಟ್ಟೆಗೇ ಗೊತ್ತು, ಮಾಲು ಬರುತ್ತಿದೆ ಅಂತ. ಹಾಗಿರುವಾಗ ತಿಂಗಳು ತಿಂಗಳು ರೋಲ್ ಮಾಡುವವರು, ಅಂದರೆ ಸಾಲವನ್ನು ಹೊಸ ರೇಟಿಗೆ ಮುಂದುವರಿಸುವವರು, ಪ್ರತಿ ಸಲ ಆ ತುದಿಯ ಬೆಲೆಯನ್ನೇ ಕೊಡುತ್ತಾರೆ. 30, 90, 180 ದಿನದ ಕೋಟ್ ಬೇರೆ ಬೇರೆ ಕೇಳಿ, ಲೀಸೆಷ್ಟು ಮಾರ್ಜಿನ್ನೆಷ್ಟು ಎಂದು ಒಡೆದು ಬರೆಸಿಕೊಳ್ಳುವುದು ಒಳ್ಳೆಯದು. ಒಂದು ತಿಂಗಳಿಂದ ವರ್ಷದವರೆಗಿನ ರೇಟುಗಳ ಇಡೀ ಸಾಲು ಮೇಲೆದ್ದಿದ್ದರೆ ಕಥೆ ಬೇರೆ. 1999ರ ಸೆಪ್ಟೆಂಬರ್ 26ರಂದು ಯುರೋಪಿನ 15 ಕೇಂದ್ರ ಬ್ಯಾಂಕುಗಳು ತಮ್ಮ ಚಿನ್ನದ ಮಾರಾಟಕ್ಕೆ ಮಿತಿ ಹಾಕಿ, ಲೀಸಿಗೆ ಕೊಡುವುದನ್ನೂ ಹೆಚ್ಚಿಸುವುದಿಲ್ಲ ಎಂದವು. ಒಂದು ತಿಂಗಳ ಲೀಸ್ ಕೆಲವೇ ದಿನಗಳಲ್ಲಿ 9% ದಾಟಿತು. ಆಗ ತಡವಾದದ್ದು ಸಾಗಣೆಯಲ್ಲ, ಬಾಡಿಗೆಗೆ ಕೊಡುತ್ತಿದ್ದ ಕೈಗಳೇ ಹಿಂದೆ ಸರಿದಿದ್ದವು.

ಇನ್ನೊಂದು: ಬಾಡಿಗೆ ಓಡುವುದು ಬೆಲೆ ಫಿಕ್ಸ್ ಮಾಡಿ ರೂಪಾಯಿ ಕಟ್ಟುವ ದಿನದವರೆಗೆ. ಮಾರಿದ ಒಡವೆಯ ಮಟ್ಟಿಗೆ ಅದೇ ದಿನ ಫಿಕ್ಸ್ ಮಾಡಿ ಮುಗಿಸಬೇಕು. ಲೀಸ್ 0.3% ಇದ್ದಾಗ ವಾರ ತಡವಾದರೂ ಯಾರೂ ಕೇಳುತ್ತಿರಲಿಲ್ಲ. ಅದು 5% ಆದಾಗ ಮಾರ್ಜಿನ್ ಸೇರಿ ಒಟ್ಟು 7.5%ದಲ್ಲಿ ಒಂದು ಕಿಲೋಗೆ ದಿನಕ್ಕೆ 1,667 ರೂಪಾಯಿ. ರೂಪಾಯಿ ಸಾಲ ಮಾಡಿ ಚಿನ್ನ ಕೊಳ್ಳುವುದೇ ಮೇಲೆಂದು ಮಾವನವರಿಗೆ ಅನಿಸಬಹುದು. ಆದರೆ ಆಗ ಬೆಲೆ ಇಳಿಕೆಯ ಅಪಾಯ ಅವರ ತಲೆಗೆ ಬರುತ್ತದೆ. ನಮ್ಮ ಫ್ಯೂಚರ್ಸ್ ಎಕ್ಸ್‌ಚೇಂಜಾದ ಎಂಸಿಎಕ್ಸಿನಲ್ಲಿ ಮಾರಿಟ್ಟುಕೊಂಡು, ಅಲ್ಲಿ ಠೇವಣಿಯಾಗಿ ಇಡಬೇಕಾದ ಮಾರ್ಜಿನ್ ಹಣವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ಹೋಲಿಸಿ. 2025ರ ಏಪ್ರಿಲ್ 2ರಂದು ಅಮೆರಿಕ ಬುಲಿಯನ್ನನ್ನು ಸುಂಕದಿಂದ ಹೊರಗಿಟ್ಟಿತು. ಲೀಸ್ ಅದಕ್ಕೂ ಮೊದಲೇ ಇಳಿಯತೊಡಗಿತ್ತು. ಫೆಬ್ರವರಿಯಲ್ಲಿ 180 ದಿನಕ್ಕೆ ಆ ಒಂದು ತಿಂಗಳ ರೇಟನ್ನೇ ಒಪ್ಪಿಕೊಂಡು ಸಹಿ ಹಾಕಿದವರು ಆಗಸ್ಟ್‌ವರೆಗೂ ಅದನ್ನು ಕಟ್ಟಬೇಕಾಯಿತು.