ಮಗುವಿನ ಹಳೆಯ ಮಂಚ, ಹಾಸಿಗೆ: ತೆಗೆದುಕೊಳ್ಳಬಹುದೇ?

ಪ್ರಶ್ನೆ: ಪರಿಚಯದವರು ತಮ್ಮ ಮಗು ಮಲಗುತ್ತಿದ್ದ ಮಂಚವನ್ನು ಹಾಸಿಗೆಯ ಸಮೇತ ಕೊಡುತ್ತೇವೆ ಎನ್ನುತ್ತಿದ್ದಾರೆ. ಮಂಚದ ಒಳಅಳತೆ 120×65 ಸೆಂ.ಮೀ., ಹಾಸಿಗೆ 117×59. ಹಾಸಿಗೆ ಮೆತ್ತಗೆ, ಚೆನ್ನಾಗಿದೆ. ಸಂದಿಗೆ ಟವೆಲ್ ಸುತ್ತಿ ಇಟ್ಟರೆ ಸಾಕಲ್ಲವೇ?

ಉತ್ತರ: ಆ ಹಾಸಿಗೆ ಬೇಡ. ಮಂಚವನ್ನು ಪರೀಕ್ಷಿಸಿ ತೆಗೆದುಕೊಳ್ಳಬಹುದು.

ಹಾಸಿಗೆಯನ್ನು ಮಂಚದ ನಡುವೆ ಇಟ್ಟು ನೋಡಿದರೆ ಎರಡೂ ಪಕ್ಕಗಳಲ್ಲಿ ಮೂರು ಮೂರು ಸೆಂಟಿಮೀಟರ್ ಸಂದಿ ಉಳಿದು, ಪರವಾಗಿಲ್ಲ ಎನಿಸುತ್ತದೆ. ಆದರೆ ಮಗು ಹೊರಳಾಡುವಾಗ ಹಾಸಿಗೆ ಸರಿಯುತ್ತದೆ. ಆದ್ದರಿಂದ ಅದನ್ನು ಒಂದು ಮೂಲೆಗೆ ಪೂರ್ತಿ ಒತ್ತಿ ಅಳೆಯಬೇಕು. ಹಾಗೆ ಮಾಡಿದಾಗ ನಿಮ್ಮ ಮಂಚದಲ್ಲಿ ಒಂದು ಪಕ್ಕಕ್ಕೆ ಆರು ಸೆಂಟಿಮೀಟರ್ ಸಂದಿ ಬೀಳುತ್ತದೆ, ಅಂದರೆ ಮಗುವಿನ ಮುಖವೋ ಕೈಕಾಲೋ ಸಿಕ್ಕಿಕೊಳ್ಳುವಷ್ಟು. ಎರಡು ಬೆರಳು ಸಲೀಸಾಗಿ ಇಳಿದರೆ ಹಾಸಿಗೆ ಚಿಕ್ಕದು ಎಂದೇ ತಿಳಿಯಿರಿ. ಟವೆಲ್, ದಿಂಬು ಅಥವಾ ಸ್ಪಂಜಿನಿಂದ ಸಂದಿ ಮುಚ್ಚುವುದು ಇನ್ನೂ ಅಪಾಯಕರ, ಏಕೆಂದರೆ ಅವು ಸಡಿಲವಾಗಿ ಮಗುವಿನ ಮೂಗು, ಬಾಯಿಯ ಹತ್ತಿರಕ್ಕೆ ಬರುತ್ತವೆ.

ಮೆತ್ತಗಿರುವುದು ನಮಗೆ ಸುಖ, ಮಗುವಿಗೆ ಅಲ್ಲ. ಹಾಸಿಗೆ ಕುಸಿದು ಮುಖ ಹುದುಗಿದಾಗ, ತಾನು ಬಿಟ್ಟ ಗಾಳಿಯನ್ನೇ ಮಗು ಮತ್ತೆ ಎಳೆದುಕೊಳ್ಳುವಂತಾಗುತ್ತದೆ. ಬಿಗಿಯನ್ನು ಮನೆಯಲ್ಲೇ ಪರೀಕ್ಷಿಸುವ ಒಂದು ವಿಧಾನವಿದೆ. ಹನ್ನೆರಡು ಹಳೆಯ ಸಿ.ಡಿ.ಗಳನ್ನು ಒಂದರ ಮೇಲೊಂದು ಜೋಡಿಸಿ ಹಾಸಿಗೆಯ ಮೇಲಿಡಿ. ಅದರ ಮೇಲೆ ಬಿಸ್ಕತ್ತಿನ ಚಪ್ಪಟೆ ಪೊಟ್ಟಣವನ್ನು ಅಂಚು ನಾಲ್ಕು ಸೆಂಟಿಮೀಟರ್ ಹೊರಚಾಚುವಂತೆ ಇಟ್ಟು, ಪೊಟ್ಟಣದ ಮೇಲೆ ಒಂದೊಂದು ಲೀಟರಿನ ಎರಡು ತುಂಬಿದ ಹಾಲಿನ ಡಬ್ಬಿಗಳನ್ನು ಅಡ್ಡಲಾಗಿ ಮಲಗಿಸಿ. ಚಾಚಿದ ಅಂಚು ಹಾಸಿಗೆಗೆ ಕೊಂಚ ತಾಗಿದರೂ ಅದು ಅತಿ ಮೆತ್ತಗಿನದು. ಮಗುವಿನ ತಲೆ, ಎದೆ, ಸೊಂಟ ಬರುವ ಮೂರು ಕಡೆಯೂ ಹೀಗೆ ನೋಡಿ. ಬಳಸಿದ ಹಾಸಿಗೆ ಸಾಮಾನ್ಯವಾಗಿ ಸೊಂಟದ ಬಳಿಯೇ ಕುಸಿದಿರುತ್ತದೆ.

ಬೇರೆ ಮನೆಯಲ್ಲಿ ಬಳಸಿದ ಹಾಸಿಗೆಯ ಬಗ್ಗೆ ಮತ್ತೊಂದು ಅನುಮಾನವೂ ಇದೆ. ಹಠಾತ್ ಶಿಶುಮರಣಕ್ಕೂ ಅಂಥ ಹಾಸಿಗೆಗೂ ನಂಟು ಕಂಡುಬಂದಿತೆಂದು 2002ರಲ್ಲಿ ಸ್ಕಾಟ್ಲೆಂಡಿನ ಅಧ್ಯಯನವೊಂದು ಹೇಳಿತು. ಅದೇ ಕಾರಣವೆಂದು ಸಾಬೀತಾಗಿಲ್ಲ, ಆದರೂ ನಾನು ಹೊಸದನ್ನೇ ಕೊಳ್ಳುತ್ತೇನೆ. ಅಂಗಡಿಗೆ ಮಂಚದ ಒಳಅಳತೆಯನ್ನು ಬರೆದುಕೊಂಡು ಹೋಗಿ, ಹಾಸಿಗೆ ಅದಕ್ಕಿಂತ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಕಡಿಮೆ ಇರುವಂತೆ ನೋಡಿಕೊಳ್ಳಿ.

ಇನ್ನು ಮಂಚ. ಪಕ್ಕದ ಕಟಕಟೆ ಕೆಳಕ್ಕೆ ಜಾರುವಂಥದ್ದಾದರೆ ಬಿಟ್ಟುಬಿಡಿ. ಅದರ ಕೊಂಡಿ ಸಡಿಲವಾಗಿ ಮಕ್ಕಳು ಸಿಕ್ಕಿಕೊಂಡು ಸತ್ತಿದ್ದರಿಂದ ಅಮೆರಿಕ 2011ರಲ್ಲಿ ಅಂಥವುಗಳ ಮಾರಾಟವನ್ನೇ ನಿಷೇಧಿಸಿತು. ಕಂಬಿಗಳ ನಡುವಿನ ಅಂತರ ಆರು ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಹಳೆಯ ಬಣ್ಣ ಸಿಪ್ಪೆ ಏಳುತ್ತಿದ್ದರೆ ಅದರಲ್ಲಿ ಸೀಸ ಇರಬಹುದು, ಮಗು ಕಂಬಿ ಕಚ್ಚುವ ವಯಸ್ಸಿಗೆ ಬಂದಾಗ ಅದು ಹೊಟ್ಟೆಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಚ್ಚಿ ತರುವ ಮುನ್ನ ಅವರ ಮನೆಯಲ್ಲೇ ಒಮ್ಮೆ ಜೋಡಿಸಿ ಅಲುಗಾಡಿಸಿ ನೋಡಿ. ಒಂದು ಬೋಲ್ಟ್ ಕಾಣೆಯಾಗಿ ಅದರ ಜಾಗಕ್ಕೆ ತಂತಿಯನ್ನೋ ಮೊಳೆಯನ್ನೋ ಹಾಕಿದ್ದರೆ, ತಯಾರಕರಿಂದ ಅದೇ ಬೋಲ್ಟ್ ಸಿಗುವವರೆಗೆ ಮಗುವನ್ನು ಅದರಲ್ಲಿ ಮಲಗಿಸಬೇಡಿ.