ವಿವರ ಎಲ್ಲ ಇದೆ, ಆದರೂ ಸೂಚನೆಗೆ ಅಂಕ ಯಾಕಿಲ್ಲ?

"ಮಗಳ ವರ್ಕ್‌ಶೀಟ್‌ನಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಸೂಚನೆ ಬರೆಯೋದಿತ್ತು, 50 ಪದದಲ್ಲಿ. ಎಲ್ಲ ವಿವರ ಬರೆದ್ರೂ 5ಕ್ಕೆ 2 ಬಂತು, ಯಾಕೆ?"

ಬಹುಶಃ ಪತ್ರದ ಹಾಗೆ ಬರೆದಿದ್ದಾಳೆ. 'ಪ್ರೀತಿಯ ವಿದ್ಯಾರ್ಥಿಗಳೇ' ಅಂತ ಶುರು ಮಾಡಿ 'ಇಂತಿ' ಅಂತ ಮುಗಿಸಿದರೆ ವಿವರ ಸರಿಯಿದ್ದರೂ ರೂಪದ ಅಂಕ ಹೋಗುತ್ತದೆ. ಮೊದಲು ಒಂದು ಚೌಕ ಹಾಕಿಸಿ, ಅದರೊಳಗೆ ಇದೇ ಕ್ರಮದಲ್ಲಿ ಬರೆಸಿ:

(ಶಾಲೆಯ ಹೆಸರು), ಚಿಕ್ಕಬಳ್ಳಾಪುರ
ಸೂಚನೆ
10 ಫೆಬ್ರವರಿ 2025
ವಿಜ್ಞಾನ ವಸ್ತುಪ್ರದರ್ಶನ
ರಾಷ್ಟ್ರೀಯ ವಿಜ್ಞಾನ ದಿನದ ಅಂಗವಾಗಿ ಫೆಬ್ರವರಿ 28ರಂದು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಶಾಲಾ ಸಭಾಂಗಣದಲ್ಲಿ ವಸ್ತುಪ್ರದರ್ಶನ ನಡೆಯಲಿದೆ. 8ರಿಂದ 10ನೇ ತರಗತಿಯವರು ಮಳೆನೀರು ಸಂಗ್ರಹ, ಹನಿ ನೀರಾವರಿಯಂಥ ಮಾದರಿಗಳನ್ನು ತರಬಹುದು. ಆಸಕ್ತರು ಫೆಬ್ರವರಿ 20ರೊಳಗೆ ಕೆಳಗೆ ಸಹಿ ಮಾಡಿದವರಲ್ಲಿ ಹೆಸರು ನೋಂದಾಯಿಸಬೇಕು.
(ಸಹಿ, ಹೆಸರು)
ಕಾರ್ಯದರ್ಶಿ, ವಿಜ್ಞಾನ ಸಂಘ

ಇದರಲ್ಲಿ ಮೂರು ತಾರೀಖು ಇವೆ ಅಲ್ವಾ, ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಮೇಲಿರುವ ಫೆಬ್ರವರಿ 10 ಸೂಚನೆ ಹೊರಡಿಸಿದ ದಿನ, 20 ಹೆಸರು ಕೊಡುವ ಕೊನೆಯ ದಿನ, 28 ಪ್ರದರ್ಶನದ ದಿನ. ತುಂಬಾ ಮಕ್ಕಳು ಮೇಲೆಯೇ ಪ್ರದರ್ಶನದ ದಿನ ಹಾಕಿಬಿಡುತ್ತಾರೆ. ಒಳಗೆ 'ನಾನು', 'ನೀವು' ಬರಬಾರದು. ಸಹಿಯಲ್ಲಿ ಅವಳ ಸ್ವಂತ ಹೆಸರು ಬೇಡ, ಪ್ರಶ್ನೆಯಲ್ಲಿ ಕೊಟ್ಟ ಹೆಸರನ್ನೇ ಹಾಕಿಸಿ. 50 ಪದದ ಲೆಕ್ಕ ಸಾಮಾನ್ಯವಾಗಿ ಒಳಗಿನ ವಿಷಯಕ್ಕೆ ಮಾತ್ರ, ಆದರೆ ಕೆಲವು ಟೀಚರ್‌ಗಳು ಬೇರೆ ಥರ ಎಣಿಸಬಹುದು, ಅದೊಂದನ್ನು ಕೇಳಿಕೊಳ್ಳಿ.